ಕೊಟ್ಟಿಗೆ ಚೊಕ್ಕಟವಾಗಿದೆ, ಹಾಲು ಯಾಕೆ ಕೆಡುತ್ತಿದೆ?

ಹಾಲು ಉತ್ಪಾದಕರ ಸಂಘದ ಸಭೆಗೆ ಹೋದಾಗ ನಾನು ಮೊದಲು ಕೇಳುವುದು ತೊಳೆದು ಒಣಗಿಸಿದ ಒಂದು ಕ್ಯಾನ್. ಅದಕ್ಕೆ ಮುಚ್ಚಳ ಹಾಕಿ ಹತ್ತು ನಿಮಿಷ ಇಡುತ್ತೇನೆ. ಆಮೇಲೆ ಮುಚ್ಚಳ ತೆಗೆದ ಕೂಡಲೇ ಮೂಸಿ ನೋಡಲು ಹೇಳುತ್ತೇನೆ. ಹುಳಿ ವಾಸನೆ ಬಂದರೆ ಆ ಕ್ಯಾನ್ ಇನ್ನೂ ಸ್ವಚ್ಛವಾಗಿಲ್ಲ. ನಾಳೆ ಅದರಲ್ಲಿ ಎಂಥ ಒಳ್ಳೆಯ ಹಾಲು ಹಾಕಿದರೂ ಒಳಗೆ ಬ್ಯಾಕ್ಟೀರಿಯಾ ಕಾದು ಕೂತಿರುತ್ತವೆ.

ಇದನ್ನು ನನಗೆ ಚೆನ್ನಾಗಿ ಮನವರಿಕೆ ಮಾಡಿಕೊಟ್ಟದ್ದು ಒಬ್ಬ ಹೆಣ್ಣುಮಗಳ ಹಾಲು. ಎರಡು ಹಸು, ಬೆಳಿಗ್ಗೆ ಹದಿನಾಲ್ಕು ಲೀಟರ್. ಫ್ಯಾಟ್ ಚೆನ್ನಾಗಿತ್ತು, ಕೊಬ್ಬು ಬಿಟ್ಟು ಉಳಿದ ಘನಾಂಶ ಅಂದರೆ ಎಸ್‌ಎನ್‌ಎಫ್ ಕೂಡ ಚೆನ್ನಾಗಿತ್ತು. ಆದರೆ ನೀಲಿ ಬಣ್ಣದ ಪರೀಕ್ಷೆಯಲ್ಲಿ ಮಾತ್ರ ಮತ್ತೆ ಮತ್ತೆ ಸೋಲುತ್ತಿತ್ತು. "ನನ್ನ ಕೊಟ್ಟಿಗೆ ಬಂದು ನೋಡಿ ಸಾರ್, ಸಗಣಿ ಒಂದು ಚೂರೂ ಇರಲ್ಲ" ಎಂದರು. ಹೋಗಿ ನೋಡಿದೆ. ಅವರು ಹೇಳಿದ್ದು ನಿಜ.

ಆ ಪರೀಕ್ಷೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಹತ್ತು ಮಿಲಿ ಹಾಲಿಗೆ ಒಂದು ಮಿಲಿ ಮೆಥಿಲಿನ್ ಬ್ಲೂ ದ್ರಾವಣ ಬೆರೆಸಿ, 37 ಡಿಗ್ರಿ ಬಿಸಿ ನೀರಿನಲ್ಲಿ ಟ್ಯೂಬ್ ಇಡುತ್ತಾರೆ. ಹಾಲು ನೀಲಿಯಾಗುತ್ತದೆ. ಬ್ಯಾಕ್ಟೀರಿಯಾ ಹಾಲಿನಲ್ಲಿರುವ ಆಮ್ಲಜನಕವನ್ನು ಬಳಸಿ ಮುಗಿಸಿದಾಗ ನೀಲಿ ಹೋಗಿ ಮತ್ತೆ ಬಿಳಿಯಾಗುತ್ತದೆ. ಬ್ಯಾಕ್ಟೀರಿಯಾ ಜಾಸ್ತಿ ಇದ್ದಷ್ಟೂ ಬೇಗ ಬಿಳಿ. ಐದು ಗಂಟೆ ದಾಟಿಯೂ ನೀಲಿ ಉಳಿದರೆ ತುಂಬಾ ಒಳ್ಳೆಯ ಹಾಲು. ಅರ್ಧ ಗಂಟೆಯೊಳಗೆ ಬಿಳಿಯಾದರೆ ತೀರಾ ಕಳಪೆ. ಫ್ಯಾಟ್ ಅಳೆಯುವ ಯಂತ್ರವಾಗಲಿ ಲ್ಯಾಕ್ಟೋಮೀಟರ್ ಆಗಲಿ ಇದನ್ನು ತೋರಿಸುವುದಿಲ್ಲ. ಅದಕ್ಕೇ ಆ ಹೆಣ್ಣುಮಗಳಿಗೆ ತನ್ನ ಹಾಲಿನಲ್ಲಿ ಏನು ತಪ್ಪಿದೆ ಎಂದು ಗೊತ್ತಾಗಿರಲಿಲ್ಲ.

ಮರುದಿನ ಬೆಳಿಗ್ಗೆ ನಾಲ್ಕು ಕಡೆ ಹಾಲು ಹಿಡಿದೆವು. ಮೊದಲ ಟ್ಯೂಬ್ ನೇರ ಮೊಲೆತೊಟ್ಟಿನಿಂದ, ಮುಂಚಿನ ಮೂರು ನಾಲ್ಕು ಧಾರೆ ಬೇರೆ ಬಟ್ಟಲಿಗೆ ಹಿಂಡಿದ ಮೇಲೆ. ಎರಡನೆಯದು ಕರೆದು ಮುಗಿದಾಗ ಬಕೆಟ್‌ನಿಂದ. ಮೂರನೆಯದು ಬಟ್ಟೆಯಲ್ಲಿ ಸೋಸಿ ಕ್ಯಾನ್‌ಗೆ ಸುರಿದ ಮೇಲೆ. ನಾಲ್ಕನೆಯದು ಸಂಘದಲ್ಲಿ, ಅಳತೆ ಮಾಡುವ ಮುಂಚೆ. ಎಲ್ಲವನ್ನೂ ಒಟ್ಟಿಗೆ ಪರೀಕ್ಷೆಗೆ ಇಡುವವರೆಗೆ ಐಸ್ ಡಬ್ಬಿಯಲ್ಲಿ ಇಟ್ಟುಕೊಂಡೆ.

ಮೊದಲ ಟ್ಯೂಬ್ ಆರು ಗಂಟೆಯಾದರೂ ನೀಲಿಯೇ ಇತ್ತು. ಬಕೆಟ್‌ನ ಹಾಲು ಐದೂವರೆ ಗಂಟೆ ತಡೆಯಿತು. ಸೋಸಿ ಕ್ಯಾನ್‌ಗೆ ಸುರಿದದ್ದು ಎರಡೂವರೆ ಗಂಟೆಗೆ ಬಿಳಿಯಾಯಿತು. ಸಂಘದ್ದು ಒಂದೂವರೆ ಗಂಟೆಗೇ ಮುಗಿಯಿತು. ಹಸುವಿನದಾಗಲಿ ಕೊಟ್ಟಿಗೆಯದಾಗಲಿ ತಪ್ಪಿರಲಿಲ್ಲ. ಬಕೆಟ್‌ನಿಂದ ಕ್ಯಾನ್‌ಗೆ ಹೋಗುವ ಆ ಒಂದು ನಿಮಿಷದಲ್ಲಿ ಹಾಲು ಕೆಟ್ಟಿತ್ತು.

ಸೋಸುವ ಬಟ್ಟೆಯನ್ನು ತಣ್ಣೀರಿನಲ್ಲಿ ಹಿಂಡಿ ಗೂಟಕ್ಕೆ ನೇತುಹಾಕುತ್ತಿದ್ದರು. ಮಡಿಕೆಯೊಳಗೆ ಅದು ಸಂಜೆಯವರೆಗೂ ಒಣಗುತ್ತಿರಲಿಲ್ಲ. ಬಟ್ಟೆ ಕಸ ಮತ್ತು ಕೂದಲನ್ನು ತಡೆಯುತ್ತದೆ, ಬ್ಯಾಕ್ಟೀರಿಯಾವನ್ನು ತಡೆಯುವುದಿಲ್ಲ. ಒದ್ದೆ ಬಟ್ಟೆಯಾದರೆ ತನ್ನಲ್ಲಿರುವ ಬ್ಯಾಕ್ಟೀರಿಯಾವನ್ನೂ ಹಾಲಿಗೆ ಸೇರಿಸುತ್ತದೆ. ಆಮೇಲೆ ಕ್ಯಾನ್ ಮುಚ್ಚಳದ ರಬ್ಬರ್ ಉಂಗುರವನ್ನು ಚಮಚದ ತುದಿಯಿಂದ ಎಬ್ಬಿಸಿದೆ. ಕೆಳಗೆ ಹಳದಿ ಲೋಳೆ. ಆ ಉಂಗುರ ಕಳಚುತ್ತದೆ ಎಂದೇ ಅವರಿಗೆ ಯಾರೂ ಹೇಳಿರಲಿಲ್ಲ. ಕ್ಯಾನ್ ಒಳಗೆ ಉಗುರಿನಿಂದ ಗೀರಿದರೆ ಬಿಳಿ ಪುಡಿ ಬಂತು. ಅದು ಹಾಲುಗಲ್ಲು. ಒಣಗಿದ ಹಾಲು ಮತ್ತು ನೀರಿನ ಸುಣ್ಣ ಸೇರಿ ಕಟ್ಟುವ ಪದರ. ಒದ್ದೆ ಪಾತ್ರೆಯಲ್ಲಿ ಅದು ಕಾಣುವುದಿಲ್ಲ, ಒಣಗಿದ ಮೇಲೆ ನೋಡಬೇಕು.

ಅವರು ಸೋಮಾರಿಯಲ್ಲ. ದಿನಕ್ಕೆರಡು ಸಲ ಕ್ಯಾನ್ ತೊಳೆಯುತ್ತಿದ್ದರು. ಆದರೆ ಸಂಘದಿಂದ ಬಂದ ಕ್ಯಾನ್ ಒಂದೆರಡು ಗಂಟೆ ಹಾಗೇ ಬಿದ್ದಿರುತ್ತಿತ್ತು. ಆಮೇಲೆ ನೇರ ಕುದಿಯುವ ನೀರು ಸುರಿಯುತ್ತಿದ್ದರು. ಕುದಿ ನೀರು ಒಳ್ಳೆಯದು ಅಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಒಳ್ಳೆಯದೇ, ಆದರೆ ಮೊದಲಿಗಲ್ಲ. ಉಳಿದ ಹಾಲಿನ ಪ್ರೋಟೀನ್ ಆ ಬಿಸಿಗೆ ಬೆಂದು ಪಾತ್ರೆಗೆ ಅಂಟಿಕೊಳ್ಳುತ್ತದೆ. ಬರೀ ತಣ್ಣೀರಾದರೆ ಜಿಡ್ಡು ಬಿಡುವುದಿಲ್ಲ.

ಆದ್ದರಿಂದ ಕ್ಯಾನ್ ಖಾಲಿಯಾದ ಕೂಡಲೇ ಮೊದಲು ಉಗುರು ಬೆಚ್ಚಗಿನ ನೀರಿನಲ್ಲಿ ಜಾಲಿಸಿ. ಆಮೇಲೆ ಕೈ ತಡೆಯುವಷ್ಟು ಬಿಸಿ ನೀರಿಗೆ ವಾಷಿಂಗ್ ಸೋಡಾ ಹಾಕಿ, ಹತ್ತು ಲೀಟರಿಗೆ ಐವತ್ತು ಗ್ರಾಂ ಸಾಕು. ರಬ್ಬರ್ ಕಳಚಿ ಬ್ರಷ್‌ನಿಂದ ಉಜ್ಜಿ. ಸ್ಟೀಲ್ ನಾರು ಬೇಡ, ಅದು ಮಾಡುವ ಗೀರಿನಲ್ಲಿ ಮತ್ತೆ ಹಾಲು ಕೂರುತ್ತದೆ. ಅಲ್ಯೂಮಿನಿಯಂ ಕ್ಯಾನ್‌ಗೆ ಸೋಡಾನೂ ಬೇಡ, ಲೋಹವನ್ನು ತಿನ್ನುತ್ತದೆ. ಅದಕ್ಕೆಂದೇ ಇರುವ ಡೈರಿ ಪುಡಿ ಬಳಸಿ. ಚೊಕ್ಕ ನೀರಿನಲ್ಲಿ ತೊಳೆದು, ನೆಲಕ್ಕೆ ತಾಗದಂತೆ ಸ್ಟ್ಯಾಂಡ್ ಮೇಲೆ ಬಿಸಿಲಿಗೆ ಬೋರಲು ಹಾಕಿ. ಒಣಗಿದ ಪಾತ್ರೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯಲಾರವು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಸೋಸುವ ಬಟ್ಟೆಯನ್ನೂ ಹೀಗೇ ತೊಳೆದು, ಕುದಿಸಿ, ಮಡಿಕೆಯಿಲ್ಲದಂತೆ ಬಿಸಿಲಿಗೆ ಹರವಿ.

ಕರೆಯುವ ಮುಂಚೆ ಕ್ಲೋರಿನ್ ನೀರು ಹಾಕಿ ಜಾಲಿಸುವುದಾದರೆ, ನಾಲ್ಕು ಪರ್ಸೆಂಟಿನ ದ್ರಾವಣ ಲೀಟರಿಗೆ ಐದು ಮಿಲಿ. ಪೂರ್ತಿ ಬಸಿಯಬೇಕು. ಕೊಳೆ ಇರುವ ಪಾತ್ರೆಗೆ ಕ್ಲೋರಿನ್ ಹಾಕುವುದು ಸುಮ್ನೆ ಖರ್ಚು, ಕೊಳೆಯೇ ಅದನ್ನು ಹೀರಿಬಿಡುತ್ತದೆ. ಹಾಲುಗಲ್ಲು ತೆಗೆಯಲು ವಾರಕ್ಕೊಮ್ಮೆ ನಿಂಬೆ ಉಪ್ಪಿನ ಬಿಸಿ ನೀರು ಬಳಸಬಹುದು. ಆದರೆ ಅದನ್ನೂ ಕ್ಲೋರಿನನ್ನೂ ಯಾವತ್ತೂ ಬೆರೆಸಬೇಡಿ. ವಿಷ ಗಾಳಿ ಏಳುತ್ತದೆ.

ಇನ್ನು ಮೂರನೇ ಟ್ಯೂಬಿಗೂ ನಾಲ್ಕನೆಯದಕ್ಕೂ ಇದ್ದ ಒಂದು ಗಂಟೆಯ ವ್ಯತ್ಯಾಸ. ಅದಕ್ಕೆ ಕಾರಣ ಸಮಯ. ಅವರು ಐದು ಗಂಟೆಗೇ ಕರೆದು ಮುಗಿಸಿ, ಆರೂವರೆಗೆ ಸಂಘಕ್ಕೆ ತರುತ್ತಿದ್ದರು. ಆಗ ತಾನೆ ಕರೆದ ಹಾಲಿಗೆ ಎರಡು ಮೂರು ಗಂಟೆ ಬ್ಯಾಕ್ಟೀರಿಯಾವನ್ನು ತಡೆಯುವ ಸ್ವಂತ ಶಕ್ತಿ ಇರುತ್ತದೆ. ಆದರೆ ಒಮ್ಮೆಲೇ ಅಷ್ಟೊಂದು ಬ್ಯಾಕ್ಟೀರಿಯಾ ಸೇರಿದರೆ ಆ ಶಕ್ತಿ ಸಾಲುವುದಿಲ್ಲ. ಬೆಚ್ಚಗಿನ ಹಾಲಿನಲ್ಲಿ ಅರ್ಧ ಗಂಟೆಗೊಮ್ಮೆ ಸಂಖ್ಯೆ ಎರಡರಷ್ಟಾಗುತ್ತದೆ ಎಂದುಕೊಳ್ಳಿ. ಮೂರು ಗಂಟೆಗೆ ಅರುವತ್ತನಾಲ್ಕು ಪಟ್ಟು. ಒಂದು ಮಿಲಿಯಲ್ಲಿ ಹತ್ತು ಸಾವಿರ ಇದ್ದದ್ದು ಆರು ಲಕ್ಷ ದಾಟುತ್ತದೆ. ಒಂದು ಲಕ್ಷ ಇದ್ದದ್ದು ಅರುವತ್ತು ಲಕ್ಷ ದಾಟುತ್ತದೆ. ಸಂಘದ ಕೂಲರ್ 4 ಡಿಗ್ರಿಗೆ ತಂಪು ಮಾಡಿದರೆ ಬೆಳವಣಿಗೆ ತುಂಬಾ ನಿಧಾನವಾಗುತ್ತದೆ. ಆದರೆ ಆಗಲೇ ಹುಟ್ಟಿದ್ದನ್ನು ಅದು ಕಡಿಮೆ ಮಾಡುವುದಿಲ್ಲ. ರಾತ್ರಿ ಉಳಿದ ಹಾಲನ್ನು ಬೆಳಗಿನದಕ್ಕೆ ಬೆರೆಸಬೇಡಿ ಎನ್ನುವುದೂ ಇದಕ್ಕೇ.

ಅವರು ಕರೆಯುವ ಹೊತ್ತನ್ನು ಒಂದು ಗಂಟೆ ಮುಂದಕ್ಕೆ ಹಾಕಿಕೊಂಡರು. ಹೊಸ ರಬ್ಬರ್, ಎರಡು ಸೋಸುವ ಬಟ್ಟೆ, ತೊಳೆಯುವ ಹೊಸ ಕ್ರಮ. ಮೂರು ವಾರದ ನಂತರ ಸಂಘದ ಟ್ಯೂಬ್ ಐದು ಗಂಟೆ ನೀಲಿ ಉಳಿಯಿತು.

ಇದೇ ನಾಲ್ಕು ಟ್ಯೂಬ್ ಇನ್ನೊಂದು ಮನೆಯಲ್ಲಿ ಬೇರೆ ಕಥೆ ಹೇಳಿತು. ಅಲ್ಲಿ ಮೊದಲ ಟ್ಯೂಬೇ ಎರಡು ಗಂಟೆಗೆ ಬಿಳಿಯಾಯಿತು. ಹಾಲು ನೋಡಲು ಚೆನ್ನಾಗಿತ್ತು, ಕೆಚ್ಚಲೂ ಊದಿರಲಿಲ್ಲ. ಹೊರಗೆ ಕಾಣದ ಕೆಚ್ಚಲು ಬಾವು ಇರಬಹುದು ಎಂದು ನಾಲ್ಕೂ ತೊಟ್ಟಿನ ಹಾಲನ್ನು ಬೇರೆ ಬೇರೆಯಾಗಿ, ಬಾವು ಪತ್ತೆ ಹಚ್ಚುವ ಸಿಎಂಟಿ ದ್ರಾವಣಕ್ಕೆ ಬೆರೆಸಿ ನೋಡಿದೆವು. ಹಿಂದಿನ ಎಡ ತೊಟ್ಟಿನ ಹಾಲು ಲೋಳೆಯಾಗಿ ಗಟ್ಟಿಯಾಯಿತು. ಅಲ್ಲಿ ಕ್ಯಾನ್ ತೊಳೆದು ಪ್ರಯೋಜನವಿರಲಿಲ್ಲ. ಆ ಹಸುವನ್ನು ಕೊನೆಯಲ್ಲಿ ಕರೆಯಲು ಹೇಳಿ, ಆ ತೊಟ್ಟಿನ ಹಾಲನ್ನು ಬೇರೆ ಇಡಿಸಿ, ಪಶುವೈದ್ಯರನ್ನು ಕರೆಸಿದೆವು.