ಬ್ಯಾಟರಿ ಕ್ಯಾಲಿಬ್ರೇಶನ್: 22% ಇದ್ದ ಫೋನ್ ದಿಢೀರ್ ಅಂತ ಆಫ್ ಆಗುವುದು ಯಾಕೆ?

ಫೋನ್ 22% ತೋರಿಸುತ್ತಿರುತ್ತದೆ. ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆಯಲು ಹೋದರೆ ಪರದೆ ಕಪ್ಪಾಗುತ್ತದೆ. ಚಾರ್ಜರ್ ಸಿಕ್ಕಿಸಿ ಆನ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ 19% ಅನ್ನುತ್ತದೆ. ಇನ್ನು ಕೆಲವು ಫೋನ್‌ಗಳ ವರಸೆಯೇ ಬೇರೆ. ಅರ್ಧ ಗಂಟೆ 15%ನಲ್ಲೇ ನಿಂತಿದ್ದು, ಆಮೇಲೆ ಒಂದೇ ನೆಗೆತಕ್ಕೆ 3%ಗೆ ಬೀಳುತ್ತವೆ. ಯಾರನ್ನಾದರೂ ಕೇಳಿದರೆ ಒಂದೇ ಮದ್ದು: "ಪೂರ್ತಿ ಖಾಲಿ ಮಾಡಿ, ಮತ್ತೆ 100ರವರೆಗೆ ಚಾರ್ಜ್ ಮಾಡಿ, ಕ್ಯಾಲಿಬ್ರೇಟ್ ಆಗುತ್ತೆ."

ಆ ಮದ್ದು ಒಂದು ಕಾಯಿಲೆಗೆ ಸರಿ, ಇನ್ನೊಂದಕ್ಕೆ ದಂಡ. ಎರಡೂ ಹೊರಗಿನಿಂದ ಒಂದೇ ತರಹ ಕಾಣುವುದರಿಂದ ಗೊಂದಲ.

ಮೊದಲು, ಈ ಶೇಕಡಾ ಅಂಕಿ ಎಲ್ಲಿಂದ ಬರುತ್ತದೆ ಅಂತ ನೋಡೋಣ. ಬ್ಯಾಟರಿಯೊಳಗೆ ಎಷ್ಟು ಚಾರ್ಜ್ ಉಳಿದಿದೆ ಅಂತ ನೇರವಾಗಿ ಅಳೆಯುವ ದಾರಿ ಇಲ್ಲ. ಅದನ್ನು ಅಂದಾಜು ಮಾಡಲು ಫ್ಯೂಯಲ್ ಗೇಜ್ ಅನ್ನುವ ಸಣ್ಣ ಸರ್ಕ್ಯೂಟ್ ಇರುತ್ತದೆ. ಐಫೋನ್‌ನಲ್ಲಿ ಅದು ಬ್ಯಾಟರಿಯ ಜೊತೆಗೇ ಅಂಟಿಕೊಂಡು ಬರುತ್ತದೆ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಹೆಚ್ಚಾಗಿ ಮದರ್‌ಬೋರ್ಡ್ ಮೇಲಿರುತ್ತದೆ. ಅದಕ್ಕೆ ಗೊತ್ತಾಗುವುದು ಮೂರೇ ಸಂಗತಿ: ಬ್ಯಾಟರಿಯ ವೋಲ್ಟೇಜ್, ಒಳಹೊರಗೆ ಹರಿಯುವ ಕರೆಂಟ್, ಮತ್ತೆ ಉಷ್ಣತೆ. ನಿಮಗೆ ಕಾಣುವ 22% ಈ ಮೂರರಿಂದ ಕಟ್ಟಿದ ಊಹೆ.

ವೋಲ್ಟೇಜ್ ನೋಡಿದರೆ ಸಾಕಲ್ವಾ ಅಂತ ಅನ್ನಿಸಬಹುದು. ಸಾಲದು. ಇವತ್ತಿನ ಫೋನ್ ಬ್ಯಾಟರಿ ತುಂಬಿದಾಗ ಸುಮಾರು 4.4 ವೋಲ್ಟ್ ಇರುತ್ತದೆ, ಖಾಲಿಯಾಗುವ ಹೊತ್ತಿಗೆ 3.4ರ ಆಸುಪಾಸಿಗೆ ಬರುತ್ತದೆ. ಆದರೆ ಇಳಿತ ಸಮನಾಗಿರುವುದಿಲ್ಲ. 60%ರಿಂದ 20%ಗೆ ಬರುವಷ್ಟರಲ್ಲಿ ವೋಲ್ಟೇಜ್ ಬದಲಾಗುವುದು ಹೆಚ್ಚೆಂದರೆ 0.2 ವೋಲ್ಟ್. ಆ ಸಪಾಟು ಜಾಗದಲ್ಲಿ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಶೇಕಡಾ ಐದಾರು ಅಂಕಿ ಆಚೀಚೆ ಆಗುತ್ತದೆ. ಕೊನೆಯ ಹತ್ತು ಶೇಕಡಾದಲ್ಲಿ ಮಾತ್ರ ವೋಲ್ಟೇಜ್ ಧಡಧಡ ಇಳಿಯುತ್ತದೆ.

ಹಾಗಾಗಿ ಗೇಜ್ ಲೆಕ್ಕವನ್ನೂ ಇಡುತ್ತದೆ. ಹೊರಗೆ ಹೋದ ಕರೆಂಟನ್ನು ಕ್ಷಣಕ್ಷಣವೂ ಕೂಡಿಸುತ್ತಾ, ಒಟ್ಟು ಇದ್ದದ್ದರಲ್ಲಿ ಕಳೆಯುತ್ತಾ ಹೋಗುತ್ತದೆ. ಡಬ್ಬದೊಳಗೆ ಇಣುಕಿ ನೋಡದೆ, ದಿನಾ ಎಷ್ಟು ಪಾವು ಅಕ್ಕಿ ತೆಗೆದೆವು ಅಂತ ಗೋಡೆ ಮೇಲೆ ಗೀಟು ಹಾಕಿದ ಹಾಗೆ. ಈ ಲೆಕ್ಕ ಸರಿಯಾಗಬೇಕಾದರೆ ಮೊದಲು ಡಬ್ಬದಲ್ಲಿ ಎಷ್ಟಿತ್ತು ಅನ್ನುವುದು ಸರಿಯಾಗಿ ಗೊತ್ತಿರಬೇಕು. ಎಡವಟ್ಟು ಶುರುವಾಗುವುದು ಅಲ್ಲೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮ ಫೋನಿನ ಬ್ಯಾಟರಿ ಹೊಸದರಲ್ಲಿ 5000 ಎಂಎಎಚ್. ಮೂರು ವರ್ಷ ಬಳಸಿ ಸವೆದು ಈಗ ನಿಜವಾಗಿ ಹಿಡಿಸುವುದು 3800. ಆದರೆ ಗೇಜ್‌ಗೆ ಈ ಸವೆತ ಪೂರ್ತಿ ಗೊತ್ತಾಗಿಲ್ಲ, ಅದು ಇನ್ನೂ 4500 ಅಂತಲೇ ನಂಬಿಕೊಂಡಿದೆ. ನೀವು 3000 ಎಂಎಎಚ್ ಬಳಸಿದಾಗ ಅದರ ಲೆಕ್ಕದಲ್ಲಿ ಉಳಿದದ್ದು 1500, ಅಂದರೆ 33%. ನಿಜವಾಗಿ ಉಳಿದದ್ದು 800, ಅಂದರೆ 21%. ಇನ್ನು 800 ಬಳಸಿದರೆ ಬ್ಯಾಟರಿ ಖಾಲಿ. ಆಗಲೂ ಗೇಜ್ ಪುಸ್ತಕದಲ್ಲಿ 700 ಬಾಕಿ ಇದೆ, 15% ಅಂತ ತೋರಿಸುತ್ತಿದೆ. ಇಷ್ಟರಲ್ಲಿ ವೋಲ್ಟೇಜ್ ಕುಸಿಯತೊಡಗಿರುತ್ತದೆ. ಅದನ್ನು ಕಂಡ ಗೇಜ್ ತನ್ನ ಲೆಕ್ಕವನ್ನು ಬಿಟ್ಟು ವೋಲ್ಟೇಜ್ ಮಾತನ್ನು ಕೇಳುತ್ತದೆ. 15% ಇದ್ದದ್ದು ನೋಡನೋಡುತ್ತಲೇ 3% ಆಗುತ್ತದೆ. ಬ್ಯಾಟರಿ ಆ ಕ್ಷಣದಲ್ಲಿ ಏನೂ ಕಳೆದುಕೊಂಡಿಲ್ಲ. ಅಂಕಿ ಅಷ್ಟು ಹೊತ್ತು ಸುಳ್ಳಾಗಿತ್ತು, ಈಗ ಸರಿಯಾಯಿತು, ಅಷ್ಟೇ.

ಖಾಲಿ ಮಾಡಿ ತುಂಬಿಸುವ ಮದ್ದು ಈ ಕಾಯಿಲೆಗೆ ಹಿಡಿಯುತ್ತದೆ. ಕೆಳಗಿನ ತುದಿ, ಮೇಲಿನ ತುದಿ ಎರಡನ್ನೂ ಗೇಜ್ ಕಣ್ಣಾರೆ ಕಂಡಾಗ, ನಡುವೆ ಹರಿದದ್ದು 3800 ಅಂತ ಅದಕ್ಕೆ ಗೊತ್ತಾಗಿ ಹಳೆಯ 4500 ಅಳಿಸಿಹೋಗುತ್ತದೆ. ದಿನಾ 40ರಿಂದ 80ರ ನಡುವೆ ಮಾತ್ರ ಓಡಾಡಿಸುವವರ ಫೋನ್‌ಗಳಲ್ಲಿ ಈ ತಪ್ಪು ಜಾಸ್ತಿ ಕೂಡಿಕೊಳ್ಳುತ್ತದೆ, ಯಾಕೆಂದರೆ ಗೇಜ್‌ಗೆ ತುದಿ ಕಾಣುವುದೇ ಇಲ್ಲ. ಬ್ಯಾಟರಿ ಬಾಳಿಕೆಗೆ ಆ ಅಭ್ಯಾಸ ಒಳ್ಳೆಯದೇ, ಅದನ್ನು ಬಿಡಬೇಕಿಲ್ಲ.

ಆದರೂ ಸೊನ್ನೆವರೆಗೆ ಇಳಿಸಲೇಬೇಕು ಅನ್ನುವ ನಿಯಮ ಇಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಇಂಪೀಡೆನ್ಸ್ ಟ್ರ್ಯಾಕ್ ಗೇಜ್‌ಗಳನ್ನೇ ನೋಡಿ. ಬ್ಯಾಟರಿ ಸುಮ್ನೆ ಮಲಗಿದ್ದಾಗ ಅವು ಒಂದು ಸಲ ವೋಲ್ಟೇಜ್ ಓದುತ್ತವೆ. ಸಾಕಷ್ಟು ಚಾರ್ಜ್ ಹರಿದ ಮೇಲೆ, ಮತ್ತೆ ಮಲಗಿದ್ದಾಗ ಇನ್ನೊಂದು ಸಲ ಓದುತ್ತವೆ. ಈ ಎರಡು ಓದುಗಳಿಂದಲೇ ಒಟ್ಟು ಎಷ್ಟು ಹಿಡಿಸುತ್ತದೆ ಅಂತ ಲೆಕ್ಕ ಹಾಕುತ್ತವೆ. ಅಲ್ಲಿ ಮುಖ್ಯವಾದದ್ದು ವಿಶ್ರಾಂತಿ. ಜನ ಖಾಲಿ ಮಾಡುವ ಕಡೆಗೇ ಗಮನ ಕೊಡುತ್ತಾರೆ, ಆಮೇಲೆ ಸುಮ್ಮನೆ ಬಿಡುವುದನ್ನು ಮರೆಯುತ್ತಾರೆ.

ಈಗ ಎರಡನೇ ಕಾಯಿಲೆ. ಫ್ಲ್ಯಾಶ್ ಹಾಕಿದ ಕೂಡಲೇ ಆಫ್ ಆಗುವ ಫೋನ್ ಇದರದ್ದು.

ಪ್ರತಿ ಬ್ಯಾಟರಿಗೂ ಒಳಗೇ ಒಂದಿಷ್ಟು ರೆಸಿಸ್ಟೆನ್ಸ್ ಇರುತ್ತದೆ. ಫೋನ್ ಕರೆಂಟ್ ಎಳೆದಾಗ ಒಂದು ಪಾಲು ವೋಲ್ಟೇಜ್ ಅಲ್ಲೇ ಸೋರಿಹೋಗುತ್ತದೆ. ಹೊಸ ಬ್ಯಾಟರಿಯಲ್ಲಿ ಅದು 0.1 ಓಮ್ ಅಂತ ಇಟ್ಟುಕೊಳ್ಳಿ. ಕ್ಯಾಮೆರಾ, ಫ್ಲ್ಯಾಶ್, ಪ್ರೊಸೆಸರ್ ಎಲ್ಲ ಸೇರಿ ಒಂದು ಕ್ಷಣ 2 ಆಂಪ್ ಎಳೆದರೆ ವೋಲ್ಟೇಜ್ 0.2ರಷ್ಟು ತಗ್ಗುತ್ತದೆ. 22%ನಲ್ಲಿ 3.7 ವೋಲ್ಟ್ ಇದ್ದದ್ದು 3.5 ಆಗುತ್ತದೆ, ತೊಂದರೆ ಇಲ್ಲ. ಬ್ಯಾಟರಿ ಹಳೆಯದಾಗಿ ರೆಸಿಸ್ಟೆನ್ಸ್ 0.25 ಆಗಿದ್ದರೆ ಅದೇ 2 ಆಂಪ್‌ಗೆ 0.5 ವೋಲ್ಟ್ ಹೋಗುತ್ತದೆ, ಉಳಿಯುವುದು 3.2. ಅಷ್ಟರಲ್ಲಿ ಫೋನ್ ನಡೆಯುವುದಿಲ್ಲ, ಆಫ್ ಆಗುತ್ತದೆ. ಆಫ್ ಆದ ಮೇಲೆ ಎಳೆತ ನಿಂತಿತಲ್ಲ, ವೋಲ್ಟೇಜ್ ಮತ್ತೆ ಮೇಲಕ್ಕೆ ಬರುತ್ತದೆ. ಆನ್ ಮಾಡಿದಾಗ ಗೇಜ್ ಅದನ್ನು ನೋಡಿ 19% ಅನ್ನುತ್ತದೆ. ಇಲ್ಲಿ ಅಂಕಿ ಹೆಚ್ಚುಕಮ್ಮಿ ನಿಜವೇ. ಚಾರ್ಜ್ ಇದೆ, ಆದರೆ ಬೇಕಾದ ವೇಗದಲ್ಲಿ ಹೊರಗೆ ಬರುತ್ತಿಲ್ಲ.

ಚಳಿಯಲ್ಲೂ ಹೀಗೇ ಆಗುತ್ತದೆ, ಯಾಕೆಂದರೆ ತಣ್ಣಗಾದಷ್ಟೂ ಒಳಗಿನ ರೆಸಿಸ್ಟೆನ್ಸ್ ಏರುತ್ತದೆ. ಟೊರೊಂಟೊದ ಜನವರಿಯಲ್ಲಿ ಜೇಬಿಂದ ತೆಗೆದ ಫೋನ್ 30%ಗೇ ಆಫ್ ಆದರೆ ಗಾಬರಿ ಬೇಡ, ಬೆಚ್ಚಗಾದ ಮೇಲೆ ಸರಿಹೋಗುತ್ತದೆ. ಮಂಡ್ಯದ ಮೇ ತಿಂಗಳಲ್ಲಿ ಹಾಗಾದರೆ ಮಾತ್ರ ಬ್ಯಾಟರಿ ಕಡೆ ನೋಡಬೇಕು.

ಈ ಕಾಯಿಲೆಗೆ ಕ್ಯಾಲಿಬ್ರೇಶನ್ ಮದ್ದಲ್ಲ. ಐಫೋನ್ 6 ಮತ್ತು 6ಎಸ್ ಪ್ರಕರಣ ನೆನಪಿರಬಹುದು. ಚಾರ್ಜ್ ಇದ್ದಾಗಲೇ ಅವು ಆಫ್ ಆಗುತ್ತಿದ್ದವು. ಆಪಲ್ 2017ರ ಜನವರಿಯಲ್ಲಿ ಬಿಟ್ಟ ಐಒಎಸ್ 10.2.1ರಲ್ಲಿ, ಬ್ಯಾಟರಿ ಹಳೆಯದಾದ ಫೋನ್‌ಗಳ ಪ್ರೊಸೆಸರ್ ವೇಗವನ್ನೇ ತಗ್ಗಿಸಿತು. ಎಳೆತ ಕಮ್ಮಿಯಾದರೆ ವೋಲ್ಟೇಜ್ ಬೀಳುವುದಿಲ್ಲ ಅನ್ನುವುದು ಅದರ ಲೆಕ್ಕ. ಹೇಳದೆ ಕೇಳದೆ ಮಾಡಿದ್ದಕ್ಕೆ ಆ ವರ್ಷದ ಡಿಸೆಂಬರ್‌ನಲ್ಲಿ ದೊಡ್ಡ ಗಲಾಟೆಯೇ ಆಯಿತು, ಕಂಪನಿ ಕ್ಷಮೆ ಕೇಳಿ ಹೊಸ ಬ್ಯಾಟರಿಯ ಬೆಲೆ ಇಳಿಸಿತು. ಖಾಲಿ ಮಾಡಿ ತುಂಬಿಸಿದರೆ ಸರಿಹೋಗುವ ಹಾಗಿದ್ದರೆ ಇಷ್ಟೆಲ್ಲ ಬೇಕಾಗುತ್ತಿತ್ತಾ?

ನಿಮ್ಮ ಫೋನಿನದ್ದು ಯಾವ ಕಾಯಿಲೆ ಅಂತ ಗುರುತಿಸುವುದು ಕಷ್ಟವಲ್ಲ. ಆಫ್ ಆಗುವುದು ಭಾರದ ಕೆಲಸ ಮಾಡುವಾಗ ಮಾತ್ರವಾ? ಮತ್ತೆ ಆನ್ ಮಾಡಿದಾಗ ಹೆಚ್ಚುಕಮ್ಮಿ ಅದೇ ಅಂಕಿ ಬರುತ್ತದಾ? ಹಾಗಾದರೆ ರೆಸಿಸ್ಟೆನ್ಸ್. ಸುಮ್ಮನೆ ಮೇಜಿನ ಮೇಲಿದ್ದಾಗಲೂ ಅಂಕಿ ಜಿಗಿಯುತ್ತದೆ, ಪ್ರತಿ ಸಲವೂ ಸುಮಾರು ಒಂದೇ ಜಾಗದಲ್ಲಿ ಜಿಗಿಯುತ್ತದೆ ಅಂದರೆ ಲೆಕ್ಕದ ತಪ್ಪು. ಆಂಡ್ರಾಯ್ಡ್ ಇದ್ದು, ಕಂಪ್ಯೂಟರ್‌ನಿಂದ ಡೀಬಗ್ಗಿಂಗ್ ಮಾಡಿ ಗೊತ್ತಿರುವವರು ಇದನ್ನು ಓಡಿಸಿ ನೋಡಬಹುದು:

```
adb shell dumpsys battery
```

ಬರುವ ಸಾಲುಗಳಲ್ಲಿ `level` ಅಂದರೆ ಶೇಕಡಾ. `voltage` ಮಿಲಿವೋಲ್ಟ್‌ನಲ್ಲಿರುತ್ತದೆ, 3712 ಅಂದರೆ 3.712 ವೋಲ್ಟ್. `temperature` ಅನ್ನು ಹತ್ತರಿಂದ ಭಾಗಿಸಬೇಕು, 312 ಅಂದರೆ 31.2 ಡಿಗ್ರಿ. ಫೋನ್ ಸುಮ್ಮನಿದ್ದಾಗ ಒಮ್ಮೆ, ಟಾರ್ಚ್ ಹಾಕಿ ವಿಡಿಯೊ ರೆಕಾರ್ಡ್ ಮಾಡುತ್ತಾ ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ಓಡಿಸಿ. ಅಂಕಿ ಕ್ಷಣಕ್ಷಣಕ್ಕೂ ಬದಲಾಗುವುದಿಲ್ಲ, ಸ್ವಲ್ಪ ಕಾಯಬೇಕು. ಕೇಬಲ್ ಹಾಕಿದರೆ ಫೋನ್ ಚಾರ್ಜ್ ಆಗತೊಡಗಿ ವೋಲ್ಟೇಜ್ ಏರಿಬಿಡುತ್ತದೆ, ಹಾಗಾಗಿ ವೈರ್‌ಲೆಸ್ ಡೀಬಗ್ಗಿಂಗ್ ಬಳಸಿ. ಎರಡು ಓದುಗಳ ನಡುವೆ ನಾಲ್ಕೈದು ನೂರು ಮಿಲಿವೋಲ್ಟ್ ವ್ಯತ್ಯಾಸ ಬಂದರೆ ಬ್ಯಾಟರಿ ದಣಿದಿದೆ ಅಂತಲೇ ಅರ್ಥ.

ಲೆಕ್ಕದ ತಪ್ಪೇ ಆಗಿದ್ದರೆ ಮಾಡಬೇಕಾದ್ದು ಇಷ್ಟು. ಮಾಮೂಲಿಯಾಗಿ ಬಳಸುತ್ತಾ ಫೋನ್ ತಾನಾಗಿ ಆಫ್ ಆಗಲಿ. ಒಂದೆರಡು ಗಂಟೆ ಹಾಗೇ ಬಿಡಿ. ಆಮೇಲೆ ನಡುವೆ ತೆಗೆಯದೆ 100ರವರೆಗೆ ಚಾರ್ಜ್ ಮಾಡಿ, 100 ಬಂದ ಮೇಲೂ ಒಂದು ಗಂಟೆ ಬಿಡಿ, ಯಾಕೆಂದರೆ 100 ತೋರಿಸಿದ ಮೇಲೂ ಕೊನೆಯ ಹನಿ ಕರೆಂಟ್ ಒಳಗೆ ಹೋಗುತ್ತಿರಬಹುದು. ಚಾರ್ಜರ್ ತೆಗೆದು ಸ್ವಲ್ಪ ಹೊತ್ತು ಮುಟ್ಟಬೇಡಿ. ಒಂದು ಸಲ ಸಾಕು, ಹೆಚ್ಚೆಂದರೆ ಎರಡು. ಆಫ್ ಆದದ್ದನ್ನು ಮತ್ತೆ ಮತ್ತೆ ಆನ್ ಮಾಡಿ ಕೊನೇ ಉಸಿರಿನವರೆಗೆ ಹಿಂಡುವುದರಿಂದ ಗೇಜ್ ಹೊಸದೇನೂ ಕಲಿಯುವುದಿಲ್ಲ. ಖಾಲಿಯಾದ ಫೋನನ್ನು ವಾರಗಟ್ಟಲೆ ಡ್ರಾಯರ್‌ನಲ್ಲಿ ಬಿಟ್ಟರೆ ವೋಲ್ಟೇಜ್ ಇನ್ನೂ ಕೆಳಗಿಳಿದು ಸೆಲ್ ನಿಜವಾಗಿಯೂ ಹಾಳಾಗುತ್ತದೆ. ಬ್ಯಾಟರಿ ಉಬ್ಬಿದ್ದರೆ ಇದ್ಯಾವುದನ್ನೂ ಮಾಡಬೇಡಿ, ಮೊದಲು ಬದಲಿಸಿ.

ತಿಂಗಳಿಗೊಮ್ಮೆ ಖಾಲಿ ಮಾಡಬೇಕು ಅನ್ನುವ ನಂಬಿಕೆ ನಿಕಲ್ ಬ್ಯಾಟರಿಗಳ ಕಾಲದ್ದು. ಲಿಥಿಯಂಗೆ ಅದು ಸಲ್ಲ, ಪ್ರತಿ ಸಲ ಪೂರ್ತಿ ಇಳಿಸಿದಷ್ಟೂ ಸವೆತವೇ ಜಾಸ್ತಿ. ಆಂಡ್ರಾಯ್ಡ್‌ನಲ್ಲಿ `batterystats.bin` ಅನ್ನುವ ಫೈಲ್ ಅಳಿಸಿ "ಕ್ಯಾಲಿಬ್ರೇಟ್" ಮಾಡುವ ಆ್ಯಪ್‌ಗಳೂ ಇದ್ದವು. ಆ ಫೈಲ್‌ನಲ್ಲಿರುವುದು ಯಾವ ಆ್ಯಪ್ ಎಷ್ಟು ಬ್ಯಾಟರಿ ತಿಂದಿತು ಅನ್ನುವ ದಾಖಲೆ. ಶೇಕಡಾ ಅಂಕಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಗೂಗಲ್‌ನ ಆಂಡ್ರಾಯ್ಡ್ ಎಂಜಿನಿಯರ್ ಡಯಾನ್ ಹ್ಯಾಕ್‌ಬಾರ್ನ್ 2012ರಲ್ಲೇ ಹೇಳಿದ್ದರು. ಆ್ಯಪ್‌ಗಳು ಆಮೇಲೂ ನಿಲ್ಲಲಿಲ್ಲ ಬಿಡಿ.

ಕ್ಯಾಲಿಬ್ರೇಶನ್ ನಿಜವಾಗಿ ಬೇಕಾಗುವ ಸಂದರ್ಭ ಇನ್ನೊಂದಿದೆ: ಬ್ಯಾಟರಿ ಬದಲಿಸಿದಾಗ. ಎಸ್‌ಪಿ ರೋಡ್‌ನಲ್ಲೋ ನಿಮ್ಮೂರಿನ ಮೊಬೈಲ್ ಅಂಗಡಿಯಲ್ಲೋ ಹೊಸದು ಹಾಕಿಸಿದ್ದೀರಿ, ಗೇಜ್ ಮಾತ್ರ ಮದರ್‌ಬೋರ್ಡ್ ಮೇಲಿದೆ. ಹಳೆಯ ಬ್ಯಾಟರಿಯ ಲೆಕ್ಕವೇ ಅದರ ತಲೆಯಲ್ಲಿ ಉಳಿದಿರಬಹುದು. ಮೊದಲ ಕೆಲವು ದಿನ ಅಂಕಿ ಕುಣಿದರೆ ಕೂಡಲೇ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಮೇಲೆ ಹೇಳಿದ ಹಾಗೆ ಒಂದೆರಡು ಸಲ ಪೂರ್ತಿ ಸುತ್ತು ಹಾಕಿಸಿ ನೋಡಿ. ಅಷ್ಟಾದರೂ ಫ್ಲ್ಯಾಶ್ ಹಾಕಿದಾಗ ಆಫ್ ಆಗುತ್ತಿದ್ದರೆ ಬಿಲ್ ತೆಗೆದುಕೊಂಡು ವಾಪಸ್ ಹೋಗಿ, ಬೇರೆ ಬ್ಯಾಟರಿ ಕೇಳಿ.