ಆದಾಯ ಏರಿದರೆ ಪ್ರಜಾಪ್ರಭುತ್ವ ಬರುತ್ತದೆಯೇ?

ಶ್ರೀಮಂತ ದೇಶಗಳಲ್ಲಿ ಹೆಚ್ಚಿನವು ಪ್ರಜಾಪ್ರಭುತ್ವಗಳು. 1959ರಲ್ಲಿ ಸಮಾಜಶಾಸ್ತ್ರಜ್ಞ ಸೀಮೋರ್ ಮಾರ್ಟಿನ್ ಲಿಪ್ಸೆಟ್ ಯುರೋಪ್ ಮತ್ತು ಲ್ಯಾಟಿನ್ ಅಮೆರಿಕದ ದೇಶಗಳನ್ನು ಹೋಲಿಸಿ, ಆದಾಯ, ಶಿಕ್ಷಣ, ನಗರೀಕರಣ ಹೆಚ್ಚಿರುವ ಕಡೆ ಪ್ರಜಾಪ್ರಭುತ್ವ ಗಟ್ಟಿಯಾಗಿದೆ ಎಂದು ತೋರಿಸಿದರು. ಎರಡೂ ಜೊತೆಗಿವೆ ಎಂಬುದರಲ್ಲಿ ಜಗಳವಿಲ್ಲ. ಒಂದು ಇನ್ನೊಂದನ್ನು ತಂದಿತೇ ಎಂಬುದೇ ಪ್ರಶ್ನೆ.

1997ರಲ್ಲಿ ರಾಜ್ಯಶಾಸ್ತ್ರಜ್ಞರಾದ ಆಡಮ್ ಪ್ಶೆವೊರ್ಸ್ಕಿ ಮತ್ತು ಫರ್ನಾಂಡೊ ಲಿಮೊಂಗಿ ಈ ಪ್ರಶ್ನೆಯನ್ನು ಎರಡಾಗಿ ಸೀಳಿದರು: ಹುಟ್ಟುವುದು ಬೇರೆ, ಉಳಿಯುವುದು ಬೇರೆ. ಆದಾಯ ಏರಿದ ಮಾತ್ರಕ್ಕೆ ಸರ್ವಾಧಿಕಾರ ಬೀಳುವುದಿಲ್ಲ, ಆದರೆ ಹೇಗೋ ಹುಟ್ಟಿದ ಪ್ರಜಾಪ್ರಭುತ್ವ ಶ್ರೀಮಂತ ದೇಶದಲ್ಲಿ ಸುಲಭವಾಗಿ ಕುಸಿಯುವುದಿಲ್ಲ ಎಂದರು. ಅವರ ಲೆಕ್ಕದಲ್ಲಿ, ಕುಸಿದ ಪ್ರಜಾಪ್ರಭುತ್ವಗಳಲ್ಲೆಲ್ಲ ಅತಿ ಶ್ರೀಮಂತವಾದದ್ದು 1976ರಲ್ಲಿ ಸೇನೆಯ ಕೈಗೆ ಹೋದ ಅರ್ಜೆಂಟೀನಾ.

ಆದಾಯವೇ ಪ್ರಜಾಪ್ರಭುತ್ವ ತರುತ್ತದೆ ಎಂಬ ನಂಬಿಕೆಗೆ ನಿಜವಾದ ಪೆಟ್ಟು ಬಿದ್ದದ್ದು 2008ರಲ್ಲಿ. ಅರ್ಥಶಾಸ್ತ್ರಜ್ಞರಾದ ಡರಾನ್ ಅಸೆಮೊಗ್ಲು, ಸೈಮನ್ ಜಾನ್ಸನ್, ಜೇಮ್ಸ್ ರಾಬಿನ್ಸನ್ ಮತ್ತು ಪಿಯರ್ ಯಾರೆಡ್ ಒಂದು ದೇಶವನ್ನು ಇನ್ನೊಂದರ ಜೊತೆ ಹೋಲಿಸುವುದನ್ನು ಬಿಟ್ಟು, ಪ್ರತಿ ದೇಶವನ್ನೂ ಅದರದೇ ಸರಾಸರಿಯೊಂದಿಗೆ ಹೋಲಿಸಿದರು. ಒಂದು ದೇಶದ ಆದಾಯ ತನ್ನ ಸರಾಸರಿಗಿಂತ ಮೇಲಿದ್ದ ವರ್ಷಗಳ ನಂತರ ಅಲ್ಲಿನ ಪ್ರಜಾಪ್ರಭುತ್ವ ಎಷ್ಟು ಗಟ್ಟಿ ಎಂದು ಅಳೆಯುವ ಅಂಕವೂ ಸರಾಸರಿಗಿಂತ ಮೇಲೇರಿತೇ? ಹೀಗೆ ಕೇಳಿದಾಗ ದೇಶದ ಭೂಗೋಳ, ವಸಾಹತು ಇತಿಹಾಸದಂತಹ ಬದಲಾಗದ ಸಂಗತಿಗಳೆಲ್ಲ ಲೆಕ್ಕದಿಂದ ಕಳೆದುಹೋಗುತ್ತವೆ. ಅವು ಹೋದೊಡನೆ ಆದಾಯದ ಪ್ರಭಾವವೂ ಮಾಯವಾಯಿತು. ಉದಾಹರಣೆಗೆ, ದಕ್ಷಿಣ ಕೊರಿಯಾವೂ ಸಿಂಗಪುರವೂ ಒಂದೇ ಕಾಲದಲ್ಲಿ ಸಿರಿವಂತವಾದವು. 1987ರಲ್ಲಿ ಕೊರಿಯಾದ ಬೀದಿಗಿಳಿದ ಜನ ನೇರ ಅಧ್ಯಕ್ಷೀಯ ಚುನಾವಣೆಯನ್ನು ಪಡೆದರು. ಸಿಂಗಪುರವನ್ನು 1959ರಿಂದ ಒಂದೇ ಪಕ್ಷ ಆಳುತ್ತಿದೆ. ಕೊರಿಯಾವನ್ನಷ್ಟೇ ನೋಡಿದವರಿಗೆ ಲಿಪ್ಸೆಟ್ ಸರಿ ಎನಿಸುವುದು ಸಹಜ.

ಹಾಗಾದರೆ ಸಿರಿಯನ್ನೂ ಪ್ರಜಾಪ್ರಭುತ್ವವನ್ನೂ ಜೋಡಿಸಿದ್ದು ಯಾವುದು? ಐದು ಶತಮಾನಗಳ ಹಾದಿ ಎಂಬುದು ಆ ನಾಲ್ವರ ಉತ್ತರ. 1500ರ ಸುಮಾರಿಗೆ ಜನಸಾಂದ್ರತೆ ಎಷ್ಟಿತ್ತು, ಸ್ವಾತಂತ್ರ್ಯ ಯಾವಾಗ ಬಂತು, ಆಗ ಆಳುವವರ ಕೈಗೆ ಎಂತಹ ಕಡಿವಾಣವಿತ್ತು ಎಂಬುದನ್ನು ಸೇರಿಸಿದರೆ, ಐನೂರು ವರ್ಷಗಳಲ್ಲಿ ಸಿರಿಯೂ ಪ್ರಜಾಪ್ರಭುತ್ವವೂ ಜೊತೆಯಾಗಿ ಬೆಳೆದದ್ದು ಬಹುಮಟ್ಟಿಗೆ ಅರ್ಥವಾಗುತ್ತದೆ.

ನನಗೆ ಈ ವಾದ ಬಲವಾಗಿ ಕಾಣುತ್ತದೆ, ಆದರೆ ಅದರ ಸಾಧನವೇ ಅದರ ಮಿತಿ. ಸರಾಸರಿಯನ್ನು ಕಳೆದಾಗ ದೇಶಗಳ ನಡುವಿನ ದೀರ್ಘಕಾಲದ ಅಂತರವೂ ಹೋಗುತ್ತದೆ, ಉಳಿಯುವುದು ಕೆಲವು ದಶಕಗಳ ಏರಿಳಿತ. ಆದಾಯದ ಅಳತೆಯಲ್ಲಿನ ತಪ್ಪುಗಳು ಆ ಚಿಕ್ಕ ಏರಿಳಿತದಲ್ಲೇ ದೊಡ್ಡದಾಗಿ ಕಾಣುತ್ತವೆ, ಇದ್ದ ಪ್ರಭಾವವನ್ನೂ ಸೊನ್ನೆಯತ್ತ ಎಳೆಯುತ್ತವೆ. ಸಂಪತ್ತು ಶಾಲೆ, ಸಂಘಟನೆ, ಮಧ್ಯಮ ವರ್ಗದ ಮೂಲಕ ಮೂರು ತಲೆಮಾರು ತೆಗೆದುಕೊಂಡು ಕೆಲಸ ಮಾಡುವುದಾದರೆ, ನಲವತ್ತು ವರ್ಷಗಳ ಕಿಟಕಿಯಲ್ಲಿ ಅದು ಕಾಣಿಸದೆಯೇ ಹೋಗಬಹುದು.