18,450 ರೂಪಾಯಿ 13,450 ಆದ ಬಿಲ್ಲು

ತಿಂಗಳ ಕೊನೆಗೆ ಆಡಿಟರ್ ಆಫೀಸಿಗೆ ಒಂದು ಹಾರ್ಡ್‌ವೇರ್ ಅಂಗಡಿಯ ಖರೀದಿ ಬಿಲ್ಲುಗಳ ಕಟ್ಟು ಬಂತು ಅಂದುಕೊಳ್ಳಿ. ಪೇಂಟ್ ಕಂಪನಿಯದು ಕಂಪ್ಯೂಟರ್ ಬಿಲ್ಲು, ಪೈಪಿನವರದು ಥರ್ಮಲ್ ಕಾಗದ, ಮೊಳೆ ಮಾರುವವರದು ಕಾರ್ಬನ್ ಪ್ರತಿ. ಇವನ್ನೆಲ್ಲ ಸ್ಕ್ಯಾನ್ ಮಾಡಿ ಒಂದೇ ಪಟ್ಟಿಗೆ ಇಳಿಸಬೇಕು: ಮಾರಿದವರ ಜಿಎಸ್‌ಟಿ ನಂಬರು, ಬಿಲ್ ನಂಬರು, ತಾರೀಕು, ತೆರಿಗೆಗೆ ಮುಂಚಿನ ಮೊತ್ತ, ತೆರಿಗೆ, ಒಟ್ಟು.

ಯಾವ ಮೊತ್ತ ಯಾವ ಕಾಲಂಗೆ ಹೋಗಬೇಕು ಅನ್ನೋದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಒಬ್ಬರು ‘ಗ್ರ್ಯಾಂಡ್ ಟೋಟಲ್’ ಅಂತಾರೆ, ಇನ್ನೊಬ್ಬರು ‘ನೆಟ್ ಅಮೌಂಟ್’. ಕೆಲವು ಹೋಲ್‌ಸೇಲ್ ಬಿಲ್ಲುಗಳಲ್ಲಿ ತಳದ ದೊಡ್ಡ ಮೊತ್ತಕ್ಕೆ ಹಳೇ ಬಾಕಿಯೂ ಸೇರಿರುತ್ತದೆ. ಕೊನೆಯ ಸಾಲನ್ನೇ ಒಟ್ಟು ಅಂತ ಎತ್ತಿಕೊಂಡರೆ ಲೆಕ್ಕ ಕೆಟ್ಟಿತು. ಜಿಎಸ್‌ಟಿ ನಂಬರೂ ಬಿಲ್ಲಿನಲ್ಲಿ ಎರಡಿರುತ್ತವೆ, ಮಾರಿದವರದು ಮತ್ತು ಕೊಂಡವರದು. ಕೊಂಡವರ ನಂಬರು ನಮಗೆ ಗೊತ್ತೇ ಇರುತ್ತದೆ. ಅದನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಂಡರೆ ಆಯಿತು. ವಿನ್ಯಾಸ ಹೇಗೇ ಇರಲಿ, ಈ ಉಪಾಯ ನಡೆಯುತ್ತದೆ.

ನಿಜವಾದ ಕಷ್ಟ ಅನುಮಾನದ್ದು. ಚಿತ್ರದಿಂದ ಅಕ್ಷರ ಓದುವ ಪ್ರೋಗ್ರಾಂಗೆ ಒಸಿಆರ್ ಅಂತಾರೆ. ಓದಿದ ಪ್ರತಿ ಪದದ ಜೊತೆ ಅದು ತನಗೆಷ್ಟು ಖಾತ್ರಿ ಅನ್ನೋ ಅಂಕವನ್ನೂ ಕೊಡುತ್ತದೆ. ಟೆಸರಾಕ್ಟ್ ಎಂಬ ಉಚಿತ ಒಸಿಆರ್‌ನಲ್ಲಿ ಇದು `conf` ಎಂಬ ಕಾಲಂನಲ್ಲಿ 0ರಿಂದ 100ರವರೆಗೆ ಬರುತ್ತದೆ. 80ಕ್ಕಿಂತ ಕಡಿಮೆ ಇದ್ದದ್ದಕ್ಕೆಲ್ಲ ಹಳದಿ ಬಣ್ಣ ಹಚ್ಚಿದರೆ ಸಾಕಲ್ವಾ? ಸಾಲದು.

ಪೈಪಿನವರ ಬಿಲ್ಲನ್ನೇ ನೋಡಿ. ತೆರಿಗೆಗೆ ಮುಂಚಿನ ಮೊತ್ತ 18,450.00. ಥರ್ಮಲ್ ಕಾಗದ ಮಾಸಿ 8ರ ಎಡಭಾಗ ಅಳಿಸಿಹೋಗಿದೆ. ಉಳಿದದ್ದು ಚೊಕ್ಕವಾದ 3. ಪ್ರೋಗ್ರಾಂ 13,450.00 ಅಂತ ಓದಿ 96 ಅಂಕ ಕೊಟ್ಟುಬಿಡುತ್ತದೆ. ಅದರ ತಪ್ಪೇನೂ ಇಲ್ಲ, ಅಲ್ಲಿ ಕಾಣಿಸುತ್ತಿರುವುದು 3ರ ಆಕಾರವೇ. ಅಂಕ ಆಕಾರದ ಬಗ್ಗೆ ಹೇಳುತ್ತದೆ, ಹಣದ ಬಗ್ಗೆ ಅದಕ್ಕೇನೂ ಗೊತ್ತಿಲ್ಲ.

ಹಣದ ಬಗ್ಗೆ ಗೊತ್ತಿರುವುದು ಬಿಲ್ಲಿನ ಉಳಿದ ಸಾಲುಗಳಿಗೆ. ಸಿಜಿಎಸ್‌ಟಿ 9% ಎದುರು 1,660.50 ಇದೆ, ಎಸ್‌ಜಿಎಸ್‌ಟಿ ಎದುರೂ ಅಷ್ಟೇ. ಒಟ್ಟು 21,771.00. ಆದರೆ 13,450ಕ್ಕೆ 9% ಹಾಕಿದರೆ 1,210.50 ಬರುತ್ತದೆ, ತಾಳೆಯಾಗುವುದಿಲ್ಲ. ಒಟ್ಟಿನಿಂದ ಎರಡೂ ತೆರಿಗೆ ಕಳೆದರೆ ಸರಿಯಾಗಿ 18,450. ಹಾಗಂತ ಪ್ರೋಗ್ರಾಂ ಸುಮ್ನೆ ತಿದ್ದಿಬಿಡಬಾರದು. ಪಟ್ಟಿಯಲ್ಲಿ ಆ ಮೊತ್ತದ ಜಾಗ ಖಾಲಿ ಬಿಟ್ಟು, ಕಾರಣ ಬರೆಯಬೇಕು:

```
inv_no,taxable,cgst,sgst,total,doubt
B1071,,1660.50,1660.50,21771.00,taxable: read 13450.00; sums give 18450.00
```

ಅದರ ಪಕ್ಕದಲ್ಲೇ ಬಿಲ್ಲಿನ ಆ ತುಂಡಿನ ಚಿತ್ರ ಇದ್ದರೆ ನೋಡುವವರಿಗೆ ಅರೆಕ್ಷಣದ ಕೆಲಸ. ಇದರ ಉಲ್ಟಾನೂ ನಿಜ. 61 ಅಂಕದ ಮಸುಕು ಮೊತ್ತವೊಂದು ಲೆಕ್ಕಕ್ಕೆ ಪೈಸೆ ಸಮೇತ ಕೂತರೆ ಅದಕ್ಕೆ ಹಳದಿ ಬೇಡ. ಸಿಕ್ಕಿದ್ದಕ್ಕೆಲ್ಲ ಹಳದಿ ಹಚ್ಚಿದರೆ ಯಾರೂ ಯಾವುದನ್ನೂ ನೋಡುವುದಿಲ್ಲ. ಕೂಡಿಸುವಾಗ ‘ರೌಂಡ್ ಆಫ್’ ಸಾಲನ್ನು ಮಾತ್ರ ಮರೆಯಬೇಡಿ.

ಜಿಎಸ್‌ಟಿ ನಂಬರಿಗೂ ತನ್ನದೇ ಕಾವಲಿದೆ. 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ನಂತರದ ಹತ್ತು ಪ್ಯಾನ್: ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ. ಹಾಗಾಗಿ `O` ಮತ್ತು `0` ಗೊಂದಲವನ್ನು ಅದು ಕೂತ ಜಾಗವೇ ಬಿಡಿಸುತ್ತದೆ. ಅಂಕಿಗೆ ಬದಲು ಇನ್ನೊಂದು ಅಂಕಿ ಬಂದರೆ ಜಾಗ ಸಹಾಯ ಮಾಡದು. ಅದಕ್ಕೆ ಕೊನೆಯ ಅಕ್ಷರವಿದೆ. ಅದು ಹಿಂದಿನ ಹದಿನಾಲ್ಕರಿಂದ ಲೆಕ್ಕ ಹಾಕಿ ಬಂದದ್ದು. `29ABCDE1234F1ZW` ಎಂಬ ಮಾದರಿ ನಂಬರಿನಲ್ಲಿ 3 ಹೋಗಿ 8 ಆದರೆ ಕೊನೆಗೆ `M` ಬರಬೇಕಿತ್ತು. ಕಾಗದದ ಮೇಲಿರುವುದು `W`. ಎಲ್ಲೋ ತಪ್ಪು ಓದಿದೆ ಎಂದು ತಕ್ಷಣ ಗೊತ್ತಾಗುತ್ತದೆ, ಯಾವ ಅಂಕಿ ಅನ್ನೋದು ಮಾತ್ರ ಗೊತ್ತಾಗುವುದಿಲ್ಲ.

ಬಿಲ್ ನಂಬರಿಗೆ ಇಂಥ ಯಾವ ಕಾವಲೂ ಇಲ್ಲ. `B1071` ಇದ್ದದ್ದು `81071` ಆದರೆ ಎರಡೂ ನೋಡಲು ಸರಿಯೇ. ಅದೇ ಅಂಗಡಿಯ ಬೇರೆ ಬಿಲ್ಲುಗಳು `B`ಯಿಂದ ಶುರುವಾಗುತ್ತವೆಯಾ ಅಂತ ನೋಡಬಹುದು, ಅಷ್ಟೇ. ತಾರೀಕು 03/04/2024 ಅಂತಿದ್ದರೆ ಏಪ್ರಿಲ್ 3ಕ್ಕೂ ಮಾರ್ಚ್ 4ಕ್ಕೂ ನಡುವೆ ಆರ್ಥಿಕ ವರ್ಷವೇ ಬದಲಾಗುತ್ತದೆ. ನಮ್ಮಲ್ಲಿ ದಿನವೇ ಮೊದಲು, ನಿಜ. ಆದರೂ ಹೊರಗಿನ ಸಾಫ್ಟ್‌ವೇರ್ ಮುದ್ರಿಸಿದ ಬಿಲ್ಲಾದರೆ ಅದೇ ಅಂಗಡಿಯ 25/03ರಂಥ ಇನ್ನೊಂದು ತಾರೀಕು ಸಿಗುವವರೆಗೆ ಹಳದಿಯಲ್ಲೇ ಇರಲಿ.

ಮೊಳೆಯವರ ಕಾರ್ಬನ್ ಪ್ರತಿಯೇ ಎಲ್ಲಕ್ಕಿಂತ ಕಷ್ಟ. ಅವರು ಸಣ್ಣ ವ್ಯಾಪಾರಿಗಳಿಗಿರುವ ಜಿಎಸ್‌ಟಿಯ ಕಾಂಪೊಸಿಷನ್ ಯೋಜನೆಯವರಾದರೆ ಬಿಲ್ಲಿನಲ್ಲಿ ತೆರಿಗೆಯ ಸಾಲೇ ಇರುವುದಿಲ್ಲ, ತಾಳೆ ನೋಡಲು 9% ಸಿಗುವುದಿಲ್ಲ. ಅಲ್ಲಿ ಉಳಿಯುವುದು ತೂಕ ಗುಣಿಸು ದರ, ಮತ್ತು ಬರೆದಿದ್ದರೆ ಅಕ್ಷರದಲ್ಲಿರುವ ಮೊತ್ತ. ಎರಡೂ ಒಪ್ಪದಿದ್ದರೆ ಅಂಗಡಿಗೆ ಫೋನ್ ಮಾಡಿ ಕೇಳುವುದೇ ಸರಿ.